ಯಾರ ಸಹಿಗೆ ಎಷ್ಟು ಹಣ: ಬಜೆಟ್ಟಿನ ಒಂದು ಅನುಬಂಧ ಬೆಳೆದ ಬಗೆ

ಬಜೆಟ್ಟಿಗೆ ಆಡಳಿತ ಮಂಡಳಿಯ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಖರ್ಚು ಮಾಡುವ ಅಧಿಕಾರ ಯಾರ ಕೈಗೂ ಬಂದಿರುವುದಿಲ್ಲ. ಪ್ರಯೋಗಾಲಯಕ್ಕೆಂದು 12 ಲಕ್ಷ ಎತ್ತಿಟ್ಟಿದ್ದರೆ, ಅದರಲ್ಲಿ ಯಾವ ಖರೀದಿಗೆ ಯಾರ ಸಹಿ ಸಾಕು, ಯಾವುದು ಮೇಲಕ್ಕೆ ಹೋಗಬೇಕು ಎಂಬುದನ್ನು ಬೇರೆಯಾಗಿ ಗೊತ್ತುಮಾಡಬೇಕು. ಬಜೆಟ್ಟಿಗೆ ಲಗತ್ತಿಸುವ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆಯ ಕೋಷ್ಟಕ ಮಾಡುವ ಕೆಲಸ ಅದು. ನಮ್ಮ ಶಿಕ್ಷಣ ಸಂಸ್ಥೆಗಳು, ಸಹಕಾರ ಸಂಘಗಳು, ಟ್ರಸ್ಟುಗಳು ಇದನ್ನು ಹುದ್ದೆ ಮತ್ತು ಮೊತ್ತಗಳ ಎರಡು ಕಾಲಮ್ಮಿನ ಪಟ್ಟಿಯಾಗಿ ಬರೆದು ಮುಗಿಸುವುದೇ ಹೆಚ್ಚು. ಆದರೆ ಭಾರತದಲ್ಲಿ ಈ ಕೋಷ್ಟಕಕ್ಕೆ ಉದ್ದದ ಚರಿತ್ರೆಯಿದೆ. ಮೊತ್ತವೊಂದರಿಂದಲೇ ಅಧಿಕಾರ ಅಳೆಯಲಾಗದು ಎಂಬ ಅರಿವು ಹಂತಹಂತವಾಗಿ ಅದರೊಳಗೆ ಸೇರುತ್ತ ಬಂದಿದೆ.

1833ರ ಚಾರ್ಟರ್ ಕಾಯ್ದೆ ಹಣಕಾಸಿನ ಅಧಿಕಾರವನ್ನೆಲ್ಲ ಕಲ್ಕತ್ತೆಯಲ್ಲಿ ಗುಡ್ಡೆಹಾಕಿತು. 1860ರಲ್ಲಿ ಜೇಮ್ಸ್ ವಿಲ್ಸನ್ ಮೊದಲ ಬಜೆಟ್ ಮಂಡಿಸಿದ ಮೇಲೂ ಪ್ರಾಂತಗಳು ಹೊಸ ಖರ್ಚಿಗೆ ಕಲ್ಕತ್ತೆಯ ಮಂಜೂರಾತಿಗೆ ಕಾಯಬೇಕಿತ್ತು. 1870ರಲ್ಲಿ ವೈಸರಾಯ್ ಮೇಯೋ ಪೊಲೀಸು, ಜೈಲು, ಶಿಕ್ಷಣ, ವೈದ್ಯಕೀಯ, ರಸ್ತೆಯಂಥ ಬಾಬ್ತುಗಳನ್ನು ನಿಗದಿತ ಅನುದಾನದೊಂದಿಗೆ ಪ್ರಾಂತಗಳಿಗೆ ಬಿಟ್ಟುಕೊಟ್ಟರು. ಬಾಬ್ತು ಮತ್ತು ಮಿತಿ ಎರಡನ್ನೂ ಒಟ್ಟಿಗೆ ಹೇಳಿ ಅಧಿಕಾರ ಕೆಳಗಿಳಿಸುವ ಕ್ರಮಕ್ಕೆ ಅದೊಂದು ದೊಡ್ಡ ಹೆಜ್ಜೆ.

ಸ್ವತಂತ್ರ ಭಾರತದಲ್ಲಿ ಆ ಕ್ರಮ ನಿಯಮಗಳ ರೂಪ ಪಡೆಯಿತು. ಕೇಂದ್ರದ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ ನಿಯಮಗಳು 1958ರಲ್ಲಿ ಬಂದವು. 1978ರಲ್ಲಿ ಅವುಗಳ ಜಾಗಕ್ಕೆ ಹೊಸವು, 2024ರ ಏಪ್ರಿಲ್ 1ರಿಂದ ಮತ್ತೆ ಹೊಸವು ಬಂದಿವೆ. ಕಲಿಯಲು ಹೆಚ್ಚು ಸಿಗುವುದು 1978ರ ನಿಯಮಗಳಲ್ಲಿ. ಅಲ್ಲಿ ಸಾದಿಲ್ವಾರು ವೆಚ್ಚಕ್ಕೆ ಒಂದು ಅನುಸೂಚಿ, ಸಂಕೀರ್ಣ ವೆಚ್ಚಕ್ಕೆ ಇನ್ನೊಂದು, ನಷ್ಟವನ್ನು ಲೆಕ್ಕದಿಂದ ತೆಗೆದುಹಾಕುವುದಕ್ಕೆ ಮತ್ತೊಂದು. ಸಾದಿಲ್ವಾರಿನೊಳಗೂ ಒಮ್ಮೆ ಮಾಡಿ ಮುಗಿಸುವ ಖರ್ಚಿಗೂ ಮತ್ತೆಮತ್ತೆ ಬರುವ ಖರ್ಚಿಗೂ ಬೇರೆಬೇರೆ ಮಿತಿ. ಕೇಂದ್ರದ ಇಲಾಖೆಗಳು ತಮ್ಮ ಅಧಿಕಾರವನ್ನು ಕೈಕೆಳಗಿನವರಿಗೆ ವಹಿಸಬಹುದಿತ್ತು. ಆದರೆ ಹುದ್ದೆ ಸೃಷ್ಟಿಸುವ ಮತ್ತು ನಷ್ಟ ಮನ್ನಾ ಮಾಡುವ ಅಧಿಕಾರಗಳನ್ನು ಹಾಗೆ ವಹಿಸುವಂತಿರಲಿಲ್ಲ. ಇದರ ಹಿಂದಿನ ವಿವೇಕ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಪ್ಪತ್ತು ಸಾವಿರದ ಕುರ್ಚಿ ಕೊಂಡರೆ ಖರ್ಚು ಅಲ್ಲಿಗೆ ಮುಗಿಯಿತು. ಇಪ್ಪತ್ತು ಸಾವಿರ ಸಂಬಳದ ಹುದ್ದೆ ಸೃಷ್ಟಿಸಿದರೆ ಮುಂದಿನ ಎಲ್ಲ ಬಜೆಟ್ಟುಗಳನ್ನೂ ಕಟ್ಟಿಹಾಕಿದಂತೆ.

ಕಂಪನಿ ಕಾನೂನು ಇದೇ ಕಡೆಗೆ ಬೇರೆ ದಾರಿಯಿಂದ ಬಂತು. 1956ರ ಕಾಯ್ದೆಯ 292ನೇ ಕಲಮಿನ ಪ್ರಕಾರ ಸಾಲ ಎತ್ತುವ ಅಧಿಕಾರವನ್ನು ಮಂಡಳಿ ಬೇರೆಯವರಿಗೆ ಕೊಡುವಾಗ, ಯಾವುದೇ ಒಂದು ಹೊತ್ತಿನಲ್ಲಿ ತೀರದೆ ಉಳಿದಿರಬಹುದಾದ ಒಟ್ಟು ಸಾಲ ಎಷ್ಟು ಎಂದು ಠರಾವಿನಲ್ಲೇ ಹೇಳಬೇಕಿತ್ತು. ಒಂದೊಂದು ಸಾಲಕ್ಕೆ ಮಾತ್ರ ಮಿತಿ ಹಾಕಿದರೆ ಸಣ್ಣ ಸಾಲಗಳನ್ನು ಸಾಲುಗಟ್ಟಿ ಎತ್ತಬಹುದು. ಒಟ್ಟು ಬಾಕಿಗೆ ಮಿತಿ ಹಾಕಿದರೆ ಆ ದಾರಿ ಮುಚ್ಚುತ್ತದೆ. 2013ರ ಕಾಯ್ದೆ ಆಂತರಿಕ ಹಣಕಾಸು ನಿಯಂತ್ರಣದ ಬಗ್ಗೆ ನಿರ್ದೇಶಕರಿಂದಲೂ ಲೆಕ್ಕಪರಿಶೋಧಕರಿಂದಲೂ ಹೇಳಿಕೆ ಕೇಳತೊಡಗಿದ ಮೇಲೆ, ಆ ಕಾಯ್ದೆಗೆ ಒಳಪಟ್ಟ ಕಂಪನಿಗಳಲ್ಲಿ ಈ ಕೋಷ್ಟಕ ಪರಿಶೋಧಕರು ಮೊದಲು ಕೇಳುವ ಕಾಗದಗಳಲ್ಲಿ ಒಂದಾಗಿದೆ.

ಈಗ ಬರೆಯುವ ಕೆಲಸಕ್ಕೆ ಬರೋಣ. ಒಂದು ಕಾಲೇಜು ನಡೆಸುವ ಸಂಘವನ್ನು ಊಹಿಸಿಕೊಳ್ಳಿ. ಅದರ ಕೋಷ್ಟಕದಲ್ಲಿ ಪ್ರಾಂಶುಪಾಲರಿಗೆ 25,000, ಕಾರ್ಯದರ್ಶಿಗೆ 5 ಲಕ್ಷ, ಅದಕ್ಕೆ ಮೇಲಿನದು ಕಾರ್ಯಕಾರಿ ಸಮಿತಿಗೆ ಎಂದಷ್ಟೇ ಇದೆ. ಜೆರಾಕ್ಸ್ ಯಂತ್ರವನ್ನು ತಿಂಗಳಿಗೆ 13,500 ರೂಪಾಯಿ ಬಾಡಿಗೆಗೆ, ಮೂರು ವರ್ಷದ ಕರಾರಿನ ಮೇಲೆ ತರಬೇಕು. ತಿಂಗಳ ಬಿಲ್ಲು ನೋಡಿದರೆ ಪ್ರಾಂಶುಪಾಲರ ಸಹಿಯೇ ಸಾಕು. 36 ತಿಂಗಳು ಕೂಡಿದರೆ 4,86,000. ಅದು ಕಾರ್ಯದರ್ಶಿಯ ಮಿತಿಯೊಳಗಿನದು. ಶೇ. 18ರ ಜಿಎಸ್‌ಟಿ 87,480 ಸೇರಿಸಿದರೆ 5,73,480 ಆಗಿ ಸಮಿತಿಯ ಮುಂದೆ ಹೋಗಬೇಕು. ಒಂದೇ ಕರಾರು, ಮೂವರು ಅಧಿಕಾರಿಗಳು. ಮೂವರೂ ಪ್ರಾಮಾಣಿಕವಾಗಿ ತಮ್ಮದೇ ಸರಿ ಎನ್ನಬಹುದು, ಏಕೆಂದರೆ ಮಿತಿ ಅಳೆಯುವುದು ಯಾವುದನ್ನು ಎಂದು ಕೋಷ್ಟಕ ಹೇಳಿಲ್ಲ.

ಆದ್ದರಿಂದ ಮೊತ್ತ ತುಂಬುವ ಮೊದಲು ಅಳತೆಯ ವಾಕ್ಯ ಬರೆಯಬೇಕು: ಮಿತಿ ಎಂದರೆ ಕರಾರಿನ ಪೂರ್ತಿ ಅವಧಿಗೆ, ತೆರಿಗೆ ಮತ್ತು ಸಾಗಣೆ ಸೇರಿ, ಸಂಸ್ಥೆ ಕೊಡಲು ಒಪ್ಪುವ ಒಟ್ಟು ಹಣ. ಅನುಮೋದನೆ ಬೇಕಾದದ್ದು ಬಿಲ್ಲು ಬಂದಾಗಲ್ಲ, ಆದೇಶ ಕೊಡುವ ಮುಂಚೆ. ಬಿಲ್ಲು ಬಂದಾಗ ಸಾಮಾನು ಆಗಲೇ ಬಾಗಿಲಲ್ಲಿರುತ್ತದೆ, ಬೇಡ ಎನ್ನುವ ಸ್ವಾತಂತ್ರ್ಯ ಸಮಿತಿಗೆ ಉಳಿದಿರುವುದಿಲ್ಲ.

ಎರಡನೆಯದು ಸಾಲುಗಳ ವಿಂಗಡಣೆ. ಬಜೆಟ್ಟಿನಲ್ಲಿರುವ ಖರೀದಿ, ಬಜೆಟ್ಟಿನಲ್ಲಿಲ್ಲದ ಖರೀದಿ, ಒಂದು ಲೆಕ್ಕ ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಹೊರಳಿಸುವ ಪುನರ್ವಿನಿಯೋಗ, ನೇಮಕಾತಿ, ಮುಂಗಡ, ನಷ್ಟ ಮನ್ನಾ: ಇವಕ್ಕೆಲ್ಲ ಬೇರೆ ಸಾಲು ಬೇಕು. ಬಜೆಟ್ಟಿನಲ್ಲಿರುವುದನ್ನು ಕೊಳ್ಳಲು 5 ಲಕ್ಷದ ಅಧಿಕಾರವಿರುವ ಕಾರ್ಯದರ್ಶಿಗೆ, ಬಜೆಟ್ಟಿನಲ್ಲಿಲ್ಲದ್ದಕ್ಕೆ 25,000 ಇದ್ದರೂ ಹೆಚ್ಚೇ. ಮೊದಲನೆಯದರಲ್ಲಿ ಅವರು ಮಂಡಳಿಯ ತೀರ್ಮಾನವನ್ನು ಜಾರಿಗೆ ತರುತ್ತಾರೆ, ಎರಡನೆಯದರಲ್ಲಿ ಮಂಡಳಿಯ ಜಾಗದಲ್ಲಿ ನಿಂತು ತೀರ್ಮಾನ ಮಾಡುತ್ತಾರೆ.

ಮಿತಿಯ ಅಂಕಿಯನ್ನು ಹಿಂದಿನ ವರ್ಷದ ವೋಚರುಗಳಿಂದಲೇ ತೆಗೆಯುವುದು ಒಳ್ಳೆಯದು. ಅವನ್ನು ಮೊತ್ತದ ಕ್ರಮದಲ್ಲಿ ಜೋಡಿಸಿದರೆ ಸಾಮಾನ್ಯವಾಗಿ ಬಹುಪಾಲು ವೋಚರುಗಳು ಸಣ್ಣ ಮೊತ್ತದವು, ಬಹುಪಾಲು ಹಣ ಮಾತ್ರ ಕೆಲವೇ ದೊಡ್ಡ ವೋಚರುಗಳಲ್ಲಿ ಇರುತ್ತದೆ. ಗೆರೆ ಎಳೆಯಬೇಕಾದದ್ದು ಅವೆರಡು ಬೇರ್ಪಡುವಲ್ಲಿ. ಅದಕ್ಕಿಂತ ಕೆಳಗೆ ಎಳೆದರೆ ಸಮಿತಿಯ ಕಾರ್ಯಸೂಚಿ ಸೀಮೆಸುಣ್ಣ, ಪೊರಕೆಗಳಿಂದ ತುಂಬಿ, ದೊಡ್ಡ ಕರಾರನ್ನು ಓದಲು ಯಾರಿಗೂ ವ್ಯವಧಾನ ಉಳಿಯದು.

ಮಿತಿ ಇದ್ದಲ್ಲಿ ಅದನ್ನು ತಪ್ಪಿಸುವ ದಾರಿಯೂ ಹುಟ್ಟುತ್ತದೆ. ಮೇಲಿನವರ ಮಂಜೂರಾತಿ ತಪ್ಪಿಸಲು ಬೇಡಿಕೆಯನ್ನು ಸಣ್ಣ ಪಾಲುಗಳಾಗಿ ಒಡೆಯಬಾರದು ಎಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 157ನೇ ನಿಯಮ ಹೇಳುತ್ತದೆ. ತನಗೆ ನೇರವಾಗಿಯೋ ಬಳಸುದಾರಿಯಿಂದಲೋ ಲಾಭವಾಗುವ ಆದೇಶವನ್ನು ಯಾವ ಅಧಿಕಾರಿಯೂ ಹೊರಡಿಸಬಾರದು ಎಂಬುದು 21ನೇ ನಿಯಮದಲ್ಲಿದೆ. ಎರಡನ್ನೂ ಖಾಸಗಿ ಸಂಸ್ಥೆಗಳು ಕೋಷ್ಟಕದ ಅಡಿಯಲ್ಲಿ ತಮ್ಮ ಮಾತಿನಲ್ಲಿ ಬರೆದುಕೊಳ್ಳಬೇಕು. ಕಾರ್ಯದರ್ಶಿಯ ಪ್ರಯಾಣ ಭತ್ಯೆಯ ಬಿಲ್ಲನ್ನು ಖಜಾಂಚಿಯೋ ಅಧ್ಯಕ್ಷರೋ ಮಂಜೂರು ಮಾಡಲಿ. ಒಡೆದ ಖರೀದಿ ಒಂದೊಂದೇ ವೋಚರಿನಲ್ಲಿ ಕಾಣಿಸುವುದಿಲ್ಲ. ತಿಂಗಳ ಪಟ್ಟಿಯನ್ನು ಮಾರಾಟಗಾರರ ಹೆಸರಿನ ಕ್ರಮದಲ್ಲಿ ಜೋಡಿಸಿದಾಗ 24,500, 24,800, 24,200 ಎಂದು ಒಂದೇ ಅಂಗಡಿಯ ಬಿಲ್ಲುಗಳು ಒಂದೇ ವಾರದಲ್ಲಿ ಸಾಲಾಗಿ ನಿಂತಿರುತ್ತವೆ.

ಹಾಗೆ ಕಂಡಾಗ ದುರುದ್ದೇಶವೆಂದು ಕೂಡಲೇ ತೀರ್ಮಾನಿಸುವುದು ನ್ಯಾಯವಲ್ಲ. ಮಿತಿಯೇ ಹಳತಾಗಿರಬಹುದು. ದರಪಟ್ಟಿ ಕರೆಯದೆ ಕೊಳ್ಳುವ ಮಿತಿ ಕೇಂದ್ರದ 2005ರ ನಿಯಮಗಳಲ್ಲಿ 15,000 ಇತ್ತು, 2017ರಲ್ಲಿ 25,000 ಆಯಿತು. ಖರೀದಿ ಸಮಿತಿಯ ಮಿತಿ 1 ಲಕ್ಷದಿಂದ ಎರಡೂವರೆ ಲಕ್ಷಕ್ಕೆ ಏರಿತು. ಹನ್ನೆರಡು ವರ್ಷ ಕಾಯುವ ಅಗತ್ಯ ಸಂಸ್ಥೆಗಳಿಗಿಲ್ಲ. ಕೋಷ್ಟಕವನ್ನು ಬಜೆಟ್ಟಿನ ಜೊತೆಗೇ ಲಗತ್ತಿಸುವುದರ ದೊಡ್ಡ ಅನುಕೂಲ ಅದು: ಪ್ರತಿ ವರ್ಷ ಅದೇ ಸಭೆಯಲ್ಲಿ, ಅದೇ ಠರಾವಿನಲ್ಲಿ ಮಿತಿಗಳೂ ಹೊಸದಾಗುತ್ತವೆ. ಘಟನೋತ್ತರ ಅನುಮೋದನೆಗೆ ಬಂದ ಪ್ರಕರಣಗಳ ಪಟ್ಟಿಯನ್ನು ಆ ಸಭೆಯ ಮುಂದಿಟ್ಟರೆ ಯಾವ ಸಾಲಿನ ಮಿತಿ ಬದಲಾಗಬೇಕೆಂದು ಗೊತ್ತಾಗುತ್ತದೆ. ಅಧಿಕಾರವನ್ನು ವ್ಯಕ್ತಿಯ ಹೆಸರಿಗಲ್ಲದೆ ಹುದ್ದೆಗೆ ಬರೆದು, ಹುದ್ದೆ ಖಾಲಿಯಿದ್ದಾಗ ಪ್ರಭಾರದಲ್ಲಿರುವವರು ಎಷ್ಟರವರೆಗೆ ಸಹಿ ಹಾಕಬಹುದು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನೂ ಸೇರಿಸಿದರೆ, ಪ್ರಾಂಶುಪಾಲರು ರಜೆಯಲ್ಲಿರುವ ತಿಂಗಳಲ್ಲೂ ಕಾಲೇಜಿನ ವಿದ್ಯುತ್ ಬಿಲ್ಲು ಗಡುವಿನೊಳಗೆ ಪಾವತಿಯಾಗುತ್ತದೆ.