ಎಕ್ಸ್ ವರ್ಣತಂತುವಿನ ನಿಷ್ಕ್ರಿಯತೆ

ಹೆಣ್ಣು ಸಸ್ತನಿಗಳ ದೇಹಕೋಶದಲ್ಲಿರುವ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದರ ಬಹುಪಾಲು ಜೀನುಗಳು ಭ್ರೂಣಾವಸ್ಥೆಯಲ್ಲೇ ಕೆಲಸ ನಿಲ್ಲಿಸುವ ಪ್ರಕ್ರಿಯೆ. ಡಿಎನ್‌ಎಯ ಅಕ್ಷರಕ್ರಮ ಇಲ್ಲಿ ಬದಲಾಗುವುದಿಲ್ಲ. ಅದರ ಮೇಲೆ ಹಾಗೂ ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಬೀಳುವ ರಾಸಾಯನಿಕ ಗುರುತುಗಳಷ್ಟೇ ಬದಲಾಗುತ್ತವೆ. ಇಂಥ ನಿಯಂತ್ರಣಕ್ಕೆ ಎಪಿಜೆನೆಟಿಕ್ ನಿಯಂತ್ರಣ ಎನ್ನುತ್ತಾರೆ.

ಶೋಧ

1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಇವರ್ಟ್ ಬರ್ಟ್ರಾಮ್ ಹೆಣ್ಣು ಬೆಕ್ಕುಗಳ ನರಕೋಶಗಳಲ್ಲಿ ಗಾಢವಾಗಿ ಬಣ್ಣ ಹೀರುವ ಚುಕ್ಕೆಯೊಂದನ್ನು ಕಂಡರು. ಅದು ಬಿಗಿಯಾಗಿ ಸುತ್ತಿಕೊಂಡ ಒಂದು ಎಕ್ಸ್ ವರ್ಣತಂತು ಎಂದು ಸುಸುಮು ಓನೊ ಮುಂದೆ ತೋರಿಸಿದರು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಹೆಣ್ಣಿಲಿಗಳ ಮೈಮೇಲಿನ ಎರಡು ಬಣ್ಣದ ಮಚ್ಚೆಗಳಿಗೆ ಇದರಲ್ಲೇ ಕಾರಣ ಕಂಡರು. ಎಳೆಯ ಭ್ರೂಣದ ಪ್ರತಿ ಕೋಶವೂ ತಾಯಿಯಿಂದ ಅಥವಾ ತಂದೆಯಿಂದ ಬಂದ ಎಕ್ಸನ್ನು ಗೊತ್ತುಗುರಿಯಿಲ್ಲದೆ ಆರಿಸಿ ನಿಲ್ಲಿಸುತ್ತದೆ. ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಳ್ಳುತ್ತದೆ.

ಕೋಶ ಎಷ್ಟು ಸಲ ಒಡೆದರೂ ಆಯ್ಕೆ ಮರೆಯದಿರುವುದು ಹೇಗೆ? 1975ರಲ್ಲಿ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ, ಬೇರೆಯಾಗಿ ಆರ್ಥರ್ ರಿಗ್ಸ್, ಡಿಎನ್‌ಎ ಮೀಥೈಲೀಕರಣವನ್ನು ಉತ್ತರವಾಗಿ ಸೂಚಿಸಿದರು. ಡಿಎನ್‌ಎ ನಕಲಾದಾಗ ಹಳೆಯ ಎಳೆಯಲ್ಲಿ ಮೀಥೈಲ್ ಗುರುತು ಉಳಿದಿರುತ್ತದೆ. ಅದನ್ನು ನೋಡಿ ಕಿಣ್ವವೊಂದು ಹೊಸ ಎಳೆಯಲ್ಲೂ ಗುರುತು ಹಾಕಬಲ್ಲದು ಎಂಬುದು ಅವರ ತರ್ಕ.

ಹಂತಗಳು

1991ರಲ್ಲಿ ಪತ್ತೆಯಾದ ಎಕ್ಸಿಸ್ಟ್ ಎಂಬ ಜೀನು ನಿಷ್ಕ್ರಿಯ ಎಕ್ಸ್‌ನಿಂದ ಮಾತ್ರ ಓದಲ್ಪಡುತ್ತದೆ. ಅದರ ಆರ್‌ಎನ್‌ಎ ಪ್ರೋಟೀನು ತಯಾರಿಸದೆ, ತಾನು ಹುಟ್ಟಿದ ವರ್ಣತಂತುವನ್ನೇ ಆವರಿಸುತ್ತದೆ. ಜೀನುಗಳ ಓದಿಗೆ ಅನುಕೂಲವಾದ ಅಸಿಟೈಲ್ ಗುಂಪುಗಳು ಆಗ ಹಿಸ್ಟೋನ್‌ಗಳಿಂದ ಕಳಚುತ್ತವೆ. ಬಳಿಕ ಪಾಲಿಕೋಂಬ್ ಪ್ರೋಟೀನುಗಳು ಮೂರನೇ ಹಿಸ್ಟೋನ್‌ನ 27ನೇ ಲೈಸೀನ್‌ಗೆ ಮೂರು ಮೀಥೈಲ್ ಗುಂಪುಗಳನ್ನು ಸೇರಿಸುತ್ತವೆ. ಜೀನುಗಳ ಆರಂಭದ ಭಾಗದಲ್ಲಿ ಡಿಎನ್‌ಎ ಮೀಥೈಲೀಕರಣ ಆಗುವುದು ಇದಾದ ಮೇಲೆ.

ಈ ಅನುಕ್ರಮದ ಅರ್ಥವನ್ನು 2000ರಲ್ಲಿ ಆಂಟನ್ ವುಟ್ಸ್ ಮತ್ತು ರುಡಾಲ್ಫ್ ಯೇನಿಶ್ ಇಲಿಯ ಭ್ರೂಣಕಾಂಡಕೋಶಗಳಲ್ಲಿ ಪರೀಕ್ಷಿಸಿದರು. ಬೇಕೆಂದಾಗ ಎಕ್ಸಿಸ್ಟನ್ನು ಚಾಲೂ ಮಾಡಿ ನಿಲ್ಲಿಸುವ ಏರ್ಪಾಡು ಅವರದು. ಕೋಶಗಳು ವಿಶಿಷ್ಟ ರೂಪ ತಾಳಲು ತೊಡಗಿದ ಮೊದಲ ಮೂರು ದಿನಗಳಲ್ಲಿ ಎಕ್ಸಿಸ್ಟ್ ನಿಂತರೆ ಜೀನುಗಳು ಮತ್ತೆ ಎಚ್ಚರಗೊಂಡವು. ಆಮೇಲೆ ನಿಂತರೆ ಮೌನ ಹಾಗೆಯೇ ಉಳಿಯಿತು. ಮೌನವನ್ನು ಆರಂಭಿಸುವುದೂ ಕಾಪಾಡುವುದೂ ಬೇರೆ ಬೇರೆ ಕೆಲಸಗಳೆಂದು ಇದರಿಂದ ಸ್ಪಷ್ಟವಾಯಿತು.

ಕಾಪಾಡುವುದರಲ್ಲಿ ಮೀಥೈಲೀಕರಣಕ್ಕೆ ಪಾಲಿದೆಯೆಂಬುದಕ್ಕೆ ಸಾಕ್ಷ್ಯ 1981ರಲ್ಲೇ ದೊರೆತಿತ್ತು. ಮನುಷ್ಯರ ನಿಷ್ಕ್ರಿಯ ಎಕ್ಸ್ ಇದ್ದ ಇಲಿ–ಮಾನವ ಮಿಶ್ರಕೋಶಗಳಿಗೆ ಮೀಥೈಲೀಕರಣ ತಡೆಯುವ ಅಜಾಸೈಟಿಡೀನ್ ನೀಡಿದಾಗ, ಕೆಲವು ಕೋಶಗಳಲ್ಲಿ ಮಲಗಿದ್ದ ಜೀನು ಎದ್ದಿತು. ಸಹಜ ದೇಹಕೋಶಗಳಲ್ಲಿ ಹೀಗಾಗುವುದು ತೀರ ವಿರಳ; ಒಂದು ಗುರುತು ಅಳಿದರೂ ಉಳಿದವು ಬೀಗ ಹಿಡಿದಿರುತ್ತವೆ.

ಮಿತಿಗಳು

ಮನುಷ್ಯರಲ್ಲಿ ನಿಷ್ಕ್ರಿಯ ಎಕ್ಸ್‌ನ ಸುಮಾರು ಶೇ. 15ರಷ್ಟು ಜೀನುಗಳು ಮೌನಕ್ಕೆ ಒಳಗಾಗುವುದಿಲ್ಲ. ಇಲಿಗಳ ಜರಾಯುವಿನ ಕೋಶಗಳಲ್ಲಿ ಆಯ್ಕೆಯೇ ಇಲ್ಲ, ಸದಾ ತಂದೆಯ ಎಕ್ಸ್ ನಿಲ್ಲುತ್ತದೆ. ಅಂಡಾಣುಗಳ ಪೂರ್ವಜ ಕೋಶಗಳಲ್ಲಿ ನಿಷ್ಕ್ರಿಯ ಎಕ್ಸ್ ಪುನಃ ಸಕ್ರಿಯವಾಗುತ್ತದೆ. ಹಾಗಾಗಿ ತಾಯಿಯ ದೇಹದಲ್ಲಿ ಯಾವ ಎಕ್ಸ್ ಮೌನವಾಗಿದ್ದರೂ, ಮಗನಿಗೆ ಸಿಗುವ ಒಂದೇ ಎಕ್ಸ್ ಕೆಲಸ ಮಾಡುವಂಥದ್ದೇ ಆಗಿರುತ್ತದೆ.