ಡಿಸ್‌ಲೈಕ್ ಒತ್ತಿದರೆ ಅಂಥ ವಿಡಿಯೋ ಬರುವುದು ನಿಲ್ಲುತ್ತದೆಯೇ?

‘ಇಷ್ಟವಿಲ್ಲದ ವಿಡಿಯೋಗೆ ಡಿಸ್‌ಲೈಕ್ ಒತ್ತಿ, ಯೂಟ್ಯೂಬ್ ಮತ್ತೆಂದೂ ಅಂಥದ್ದನ್ನು ತೋರಿಸುವುದಿಲ್ಲ’ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ, ಆದರೆ ನಂಬಿ ಕೂರುವಷ್ಟು ನಿಜವೂ ಅಲ್ಲ.

ಯೂಟ್ಯೂಬ್ ವಿಡಿಯೋ ಆರಿಸುವುದು ಎರಡು ಹಂತದಲ್ಲಿ. ಕಂಪನಿಯ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಮೊದಲು ನಿಮ್ಮ ವೀಕ್ಷಣೆಯ ಇತಿಹಾಸ ನೋಡಿ ಲಕ್ಷಾಂತರ ವಿಡಿಯೋಗಳಿಂದ ಕೆಲವು ನೂರನ್ನು ಹೆಕ್ಕಲಾಗುತ್ತದೆ. ಆಮೇಲೆ ಅವುಗಳಿಗೆ ಅಂಕ ಕೊಟ್ಟು, ಹೆಚ್ಚು ಅಂಕದವನ್ನು ಮೇಲಿಡಲಾಗುತ್ತದೆ.

ಅಂಕ ಯಾವುದಕ್ಕೆ? ಮೊದಲೆಲ್ಲ ಕ್ಲಿಕ್ಕಿಗೆ. ಆಗ ಆಕರ್ಷಕ ಥಂಬ್‌ನೈಲ್ ಹಾಕಿ ಒಳಗೆ ಏನೂ ಇಲ್ಲದವರೇ ಗೆದ್ದರು. ಹಾಗಾಗಿ 2012ರಿಂದ ಎಷ್ಟು ಹೊತ್ತು ನೋಡಿದಿರಿ ಎಂಬುದಕ್ಕೆ ಬೆಲೆ ಬಂತು. ಆದರೆ ಹೆಚ್ಚು ಹೊತ್ತು ನೋಡಿದ್ದೆಲ್ಲ ಖುಷಿ ಕೊಟ್ಟಿರುತ್ತದೆ ಎನ್ನಲಾಗದು. ಅದಕ್ಕೇ ಆಗಾಗ ‘ಈ ವಿಡಿಯೋ ಹೇಗಿತ್ತು?’ ಎಂದು ಕೇಳಿ ಒಂದರಿಂದ ಐದು ಸ್ಟಾರ್ ಕೊಡಿಸುತ್ತಾರೆ. ನಾಲ್ಕು ಅಥವಾ ಐದು ಸ್ಟಾರ್ ಸಿಕ್ಕರೆ ಮಾತ್ರ ಆ ಸಮಯ ಸಾರ್ಥಕ ಎಂದು ಲೆಕ್ಕ. ಉತ್ತರಿಸುವವರು ಕೆಲವರೇ. ಉಳಿದವರು ಎಷ್ಟು ಸ್ಟಾರ್ ಕೊಡುತ್ತಿದ್ದರು ಎಂಬುದನ್ನು ಯಂತ್ರವೇ ಊಹಿಸುತ್ತದೆ.

ಈಗ ‘ನಿಂಬೆರಸದಿಂದ ಶುಗರ್ ಮಾಯ’ ಎಂಬ ವಿಡಿಯೋ ಬಂತು ಎಂದಿಟ್ಟುಕೊಳ್ಳಿ. ನೀವು ಸಿಟ್ಟಿನಲ್ಲೇ ಕೊನೆತನಕ ನೋಡಿದಿರಿ, ಡಿಸ್‌ಲೈಕ್ ಒತ್ತಿದಿರಿ, ‘ನೋಡಿ ಎಂಥ ಸುಳ್ಳು’ ಎಂದು ಫ್ಯಾಮಿಲಿ ಗ್ರೂಪಿಗೂ ಕಳಿಸಿದಿರಿ. ಕ್ಲಿಕ್, ಪೂರ್ತಿ ವೀಕ್ಷಣೆ, ಶೇರ್, ಈ ಮೂರೂ ವಿಡಿಯೋದ ಪರ. ವಿರುದ್ಧ ಇರುವುದು ಡಿಸ್‌ಲೈಕ್ ಒಂದೇ. ಜೊತೆಗೆ, ಗ್ರೂಪಿನಲ್ಲಿ ಲಿಂಕ್ ತೆರೆದ ಚಿಕ್ಕಪ್ಪನ ಇತಿಹಾಸದಲ್ಲೂ ನಿಂಬೆರಸ ಸೇರಿಕೊಂಡಿತು!

ಮೊಝಿಲ್ಲಾ ಸಂಸ್ಥೆ 2022ರಲ್ಲಿ 22 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಈ ಗುಂಡಿಗಳನ್ನು ಪರೀಕ್ಷಿಸಿತು. ಡಿಸ್‌ಲೈಕ್ ತಡೆದದ್ದು ಬೇಡದ ಶಿಫಾರಸುಗಳಲ್ಲಿ ಶೇ 12ರಷ್ಟನ್ನು ಮಾತ್ರ. ‘Not interested’ ಇನ್ನೂ ಕಡಿಮೆ, ಶೇ 11. ವಾಚ್ ಹಿಸ್ಟರಿಯಿಂದ ವಿಡಿಯೋ ಅಳಿಸಿದಾಗ ಶೇ 29, ‘Don't recommend channel’ ಒತ್ತಿದಾಗ ಶೇ 43. ಒಂದು ಇಡೀ ವಿಷಯವನ್ನೇ ಮುಚ್ಚಿಬಿಡುವಂತೆ ಈ ಗುಂಡಿಗಳನ್ನು ಮಾಡಿಲ್ಲ ಎಂಬುದು ಯೂಟ್ಯೂಬ್ ಕೊಟ್ಟ ವಿವರಣೆ. ವಿವರಣೆ ಇರಲಿ, ಬಳಕೆದಾರ ‘ಬೇಡ’ ಎಂದಮೇಲೂ ಅರ್ಧಕ್ಕಿಂತ ಹೆಚ್ಚು ಬರುತ್ತಲೇ ಇದ್ದವು ಎಂಬುದು ಸಣ್ಣ ಸಂಗತಿಯಲ್ಲ.

ಹಾಗಾದರೆ ನಿಂಬೆರಸದ ವಿಡಿಯೋಗೆ ಮಾಡಬೇಕಾದ್ದೇನು? ಶೀರ್ಷಿಕೆ ನೋಡಿದಾಗಲೇ, ತೆರೆಯದೆ, ಪಕ್ಕದ ಮೂರು ಚುಕ್ಕಿ ಒತ್ತಿ ‘Don't recommend channel’ ಆರಿಸಿ. ಆಗಲೇ ನೋಡಿಬಿಟ್ಟಿದ್ದರೆ ವಾಚ್ ಹಿಸ್ಟರಿಯಿಂದಲೂ ಅದನ್ನು ತೆಗೆಯಿರಿ. ಗ್ರೂಪಿನವರನ್ನು ಎಚ್ಚರಿಸಬೇಕೆಂದರೆ ಲಿಂಕ್ ಬೇಡ, ಸ್ಕ್ರೀನ್‌ಶಾಟ್ ಕಳಿಸಿ.