ನೇರಳೆ ಮುಚ್ಚಳ, ಹಸಿರು ಮುಚ್ಚಳ: ರಕ್ತಕ್ಯಾನ್ಸರ್‌ಗೆ ಹೆಸರು ಸಿಕ್ಕ ದಾರಿ

ಸುರಪುರದಿಂದ ಹೊರಟು ಶಹಾಪುರದ ಮೇಲೆ ಹಾದು ಭೀಮೆ ದಾಟಿದರೆ ಯಾದಗಿರಿ. ಬ್ಲಡ್ ಕ್ಯಾನ್ಸರ್ ಇರಬಹುದೆಂಬ ಅನುಮಾನ ಹುಟ್ಟಿದವರಿಗೆ ಅಲ್ಲಿಂದ ಮುಂದಿನ ದಾರಿ ಕಲಬುರಗಿ, ಹೈದರಾಬಾದು ಅಥವಾ ಬೆಂಗಳೂರಿನ ಕಿದ್ವಾಯಿ. ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆಯುತ್ತಾರೆ. ನಾಲ್ಕಾರು ಹನಿ ಗಾಜಿನ ಪಟ್ಟಿಯ ಮೇಲೆ ಹೋಗುತ್ತದೆ. ಉಳಿದದ್ದು ಎರಡು ಪುಟ್ಟ ನಳಿಕೆಗಳಿಗೆ: ಒಂದರ ಮುಚ್ಚಳ ನೇರಳೆ, ಇನ್ನೊಂದರದು ಹಸಿರು. ಮಗುವಿನ ತಂದೆ ಕೇಳುವುದು ಒಂದೇ ಮಾತು, ‘ಒಂದೇ ರಕ್ತ, ಎರಡು ಬಾಟ್ಲಿ ಯಾಕ್ರೀ?’ ಈ ಪ್ರಶ್ನೆಗೆ ಉತ್ತರ ಹೇಳಹೊರಟರೆ ಸುಮಾರು ಅರವತ್ತು ವರ್ಷಗಳ ಕಥೆ ಹೇಳಬೇಕಾಗುತ್ತದೆ.

ಮೊದಲು ಇದ್ದದ್ದು ಗಾಜಿನ ಪಟ್ಟಿ ಮತ್ತು ಸೂಕ್ಷ್ಮದರ್ಶಕ ಮಾತ್ರ. 1976ರಲ್ಲಿ ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ಏಳು ಮಂದಿ ರಕ್ತತಜ್ಞರು ಕೂತು ತೀವ್ರ ಲ್ಯುಕೇಮಿಯಾವನ್ನು ಕಣದ ರೂಪದ ಮೇಲೆ ವಿಂಗಡಿಸಿದರು. ಮೂರೂ ದೇಶಗಳ ಮೊದಲಕ್ಷರ ಸೇರಿ ಅದು ‘ಎಫ್‌ಎಬಿ’ ವರ್ಗೀಕರಣವಾಯಿತು. ಎಳೆಯ ಕಣ, ಅಂದರೆ ಬ್ಲಾಸ್ಟ್, ದೊಡ್ಡದೋ ಸಣ್ಣದೋ, ಒಳಗೆ ಹರಳುಗಳಿವೆಯೋ ಇಲ್ಲವೋ ಎಂದು ನೋಡಿ ಹೆಸರಿಡುವ ಕ್ರಮ ಅದು. ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡುವಂತಾದದ್ದು ದೊಡ್ಡ ಲಾಭ. ಆದರೆ ಹರಳಿಲ್ಲದ, ದುಂಡಗಿನ, ಗಾಢ ನೀಲಿ ಕಣವೊಂದು ಬಿ ಲಿಂಫೋಸೈಟ್ ಕುಲದ್ದೋ ಟಿ ಕುಲದ್ದೋ ಎಂಬುದನ್ನು ಎಷ್ಟೇ ಪಳಗಿದ ಕಣ್ಣೂ ಹೇಳಲಾರದು.

ಆ ಕುಲ ಹೇಳುವುದು ನೇರಳೆ ಮುಚ್ಚಳದ ನಳಿಕೆ. ಅದರಲ್ಲಿರುವ ಇಡಿಟಿಎ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಪ್ರತಿ ಕಣದ ಮೈಮೇಲೂ ಒಳಗೂ ಆ ಕುಲಕ್ಕೆ ತಕ್ಕ ಪ್ರೋಟೀನುಗಳಿರುತ್ತವೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವ ದಾರಿ ತೋರಿದರು. ಬೇರೆ ಬೇರೆ ಪ್ರಯೋಗಾಲಯಗಳು ಒಂದೇ ಪ್ರೋಟೀನಿಗೆ ಹತ್ತು ಹೆಸರಿಟ್ಟು ಗೊಂದಲವಾದಾಗ, 1982ರ ಪ್ಯಾರಿಸ್ ಸಭೆಯಿಂದ ಸಿಡಿ ಸಂಖ್ಯೆಗಳು ಬಂದವು. ಈಗ ರಿಪೋರ್ಟಿನಲ್ಲಿ ಕಾಣುವ ಸಿಡಿ19, ಸಿಡಿ10 ಅವೇ.

ಇದಕ್ಕೆ ಬೇಕಾದ ಯಂತ್ರ ಫ್ಲೋ ಸೈಟೊಮೀಟರ್. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಮಜ್ಜೆಯ ಕಣಗಳೊಂದಿಗೆ ಬೆರೆಸಿ, ದ್ರವದ ಸಣ್ಣ ಧಾರೆಯಲ್ಲಿ ಒಂದರ ಹಿಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತಾರೆ. ಸೆಕೆಂಡಿಗೆ ಸಾವಿರಾರು ಕಣ. ಪ್ರತಿಯೊಂದೂ ತನ್ನ ಗಾತ್ರ, ಒಳಗಿನ ಹರಳು, ಹೊಳಪನ್ನು ತೋರಿಸಿ ಮುಂದೆ ಹೋಗುತ್ತದೆ. ಪರದೆಯ ಮೇಲೆ ಕಾಣುವುದು ಚುಕ್ಕಿಗಳ ಮೋಡ. ಸಿಡಿ45 ಮಂದವಾಗಿರುವ, ಹರಳು ಕಡಿಮೆಯಿರುವ ಜಾಗದಲ್ಲಿ ಮೋಡ ದಟ್ಟೈಸಿದರೆ ಬ್ಲಾಸ್ಟ್ ಎಂದು ಅನುಮಾನ. ಕೆಲವೇ ಗಂಟೆಗಳ ಕೆಲಸ.

ಸಗರನಾಡಿನ ಆರು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮೂರು ವಾರದಿಂದ ಜ್ವರ, ಕಾಲುನೋವು, ಬಿಳಚಿದ ಮುಖ. ಹಿಮೋಗ್ಲೋಬಿನ್ 6, ಬಿಳಿ ಕಣ 42,000, ಪ್ಲೇಟ್‌ಲೆಟ್ 18,000. ಮಜ್ಜೆಯಲ್ಲಿ ನೂರಕ್ಕೆ ತೊಂಬತ್ತು ಬ್ಲಾಸ್ಟ್. ಫ್ಲೋದಲ್ಲಿ ಸಿಡಿ19, ಸಿಡಿ10, ಸಿಡಿ34 ಇವೆ. ಟಿ ಕುಲದ ಗುರುತಾದ ಕಣದೊಳಗಿನ ಸಿಡಿ3 ಇಲ್ಲ, ಮೈಲಾಯ್ಡ್ ಕುಲದ ಎಂಪಿಓ ಇಲ್ಲ. ಹೆಸರು ಸಿಕ್ಕಿತು: ಬಿ ಕುಲದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಆದರೆ ಇದು ಅರ್ಧ ಹೆಸರು ಮಾತ್ರ.

ಇನ್ನರ್ಧ ಹಸಿರು ಮುಚ್ಚಳದಲ್ಲಿದೆ. ಅದರಲ್ಲಿರುವುದು ಹೆಪಾರಿನ್, ಯಾಕೆಂದರೆ ಈ ಪರೀಕ್ಷೆಗೆ ಕಣಗಳು ಬದುಕಿರಬೇಕು, ಒಡೆದು ಎರಡಾಗುತ್ತಿರಬೇಕು. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ವಿಭಜನೆಯ ಆ ಗಳಿಗೆಯಲ್ಲಿ ಮಾತ್ರ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದ ಕಣಗಳಲ್ಲಿ ಮೋಟು ವರ್ಣತಂತುವೊಂದನ್ನು ಕಂಡರು. ಅದಕ್ಕೆ ಹಿಂದೆ ನೋವೆಲ್ ಕಣಗಳನ್ನು ನಲ್ಲಿನೀರಿನಲ್ಲಿ ತೊಳೆದಿದ್ದರು. ನೀರು ಕುಡಿದು ಕಣ ಉಬ್ಬಿತು, ವರ್ಣತಂತುಗಳು ಹರಡಿಕೊಂಡವು. ಇಂದಿಗೂ ಪ್ರಯೋಗಾಲಯದಲ್ಲಿ ಕಣವನ್ನು ಉಬ್ಬಿಸುವ ಹಂತವೊಂದಿದೆ, ನಲ್ಲಿನೀರಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ.

ಆ ಮೋಟಿನ ಕಾರಣ ತಿಳಿಯಲು ಹದಿಮೂರು ವರ್ಷ ಬೇಕಾಯಿತು. ಷಿಕಾಗೊದ ಜಾನೆಟ್ ರೌಲಿ ವರ್ಣತಂತುಗಳ ಫೋಟೊ ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿ, ಪಟ್ಟಿಗೆ ಪಟ್ಟಿ ಹೋಲಿಸುತ್ತಿದ್ದರು. 22ನೆಯದರಿಂದ ಹೋದ ತುಣುಕು ಕಳೆದುಹೋಗಿಲ್ಲ, 9ನೆಯದರ ತುದಿಗೆ ಕೂತಿದೆ ಎಂದು 1973ರಲ್ಲಿ ತೋರಿಸಿದರು. ತುಣುಕುಗಳ ಈ ಅದಲುಬದಲಿನಲ್ಲಿ ಎರಡು ಜೀನುಗಳು ಬೆಸೆದುಕೊಂಡು ಹುಟ್ಟುವ ಪ್ರೋಟೀನನ್ನು ಇಮ್ಯಾಟಿನಿಬ್ ಗುಳಿಗೆ ತಡೆಯುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರ ದಿಕ್ಕು ಬದಲಿಸಿದ್ದು ಆ ಊಟದ ಮೇಜಿನ ಮೇಲೆ.

ನಮ್ಮ ಹುಡುಗನಿಗೆ ಬರೋಣ. ಅವನ ಕಣಗಳಲ್ಲಿ 46ರ ಬದಲು 54 ವರ್ಣತಂತುಗಳಿದ್ದರೆ ಒಳ್ಳೆಯ ಸುದ್ದಿ, ಅಂಥ ಮಕ್ಕಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಾರೆ. 44ಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು. 9 ಮತ್ತು 22ರ ಅದಲುಬದಲು ಕಂಡರೆ ಕೀಮೊ ಜೊತೆಗೆ ಇಮ್ಯಾಟಿನಿಬ್‌ನಂಥ ಗುಳಿಗೆಯೂ ಬೇಕು. ಮೂವರ ಫ್ಲೋ ಚಿತ್ರವೂ ಒಂದೇ ಥರ ಇರಬಹುದು, ಚಿಕಿತ್ಸೆ ಮಾತ್ರ ಒಂದೇ ಅಲ್ಲ.

ಇಲ್ಲಿ ಮೋಸಹೋಗುವ ಜಾಗವೊಂದಿದೆ. ಮಕ್ಕಳ ಲ್ಯುಕೇಮಿಯಾ ಕಣಗಳು ಪ್ರಯೋಗಾಲಯದಲ್ಲಿ ಸರಿಯಾಗಿ ವಿಭಜಿಸದೆ ಹೋಗುವುದುಂಟು. ಆಗ ಉಳಿದ ಆರೋಗ್ಯವಂತ ಕಣಗಳೇ ಒಡೆದು, ಎಣಿಸಿದ ಇಪ್ಪತ್ತರಲ್ಲೂ 46 ವರ್ಣತಂತು ಕಂಡು, ‘ನಾರ್ಮಲ್’ ಎಂಬ ರಿಪೋರ್ಟ್ ಬರುತ್ತದೆ. ಮಜ್ಜೆಯಲ್ಲಿ ತೊಂಬತ್ತು ಬ್ಲಾಸ್ಟ್ ಇದ್ದು ವರ್ಣತಂತು ನಾರ್ಮಲ್ ಎಂದರೆ, ನೋಡಿದ್ದು ರೋಗದ ಕಣವನ್ನೇ ಹೌದೋ ಎಂದು ಕೇಳಬೇಕು. ಮಕ್ಕಳಲ್ಲಿ ಸಾಮಾನ್ಯವಾದ 12 ಮತ್ತು 21ರ ಅದಲುಬದಲಂತೂ ಪಟ್ಟಿಗಳ ಲೆಕ್ಕದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಹಿಡಿಯಲು ಹೊಳೆಯುವ ಡಿಎನ್‌ಎ ತುಣುಕು ಅಂಟಿಸುವ ‘ಫಿಶ್’ ಅಥವಾ ಪಿಸಿಆರ್ ಬೇಕು.

ಕೆಲವೊಮ್ಮೆ ಹೆಸರು ಪಕ್ಕಾ ಆಗುವವರೆಗೆ ಕಾಯುವಂತಿಲ್ಲ. ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ರೋಗಿಗಳು ಕೆಲವೇ ದಿನಗಳಲ್ಲಿ ರಕ್ತಸ್ರಾವದಿಂದ ಸಾಯಬಹುದು. ಫ್ಲೋದಲ್ಲಿ ಹರಳು ತುಂಬಿದ ಕಣಗಳು ಕಂಡು, ಸಿಡಿ34 ಮತ್ತು ಎಚ್‌ಎಲ್‌ಎ-ಡಿಆರ್ ಎರಡೂ ಇಲ್ಲದಿದ್ದರೆ, ಆ ಅನುಮಾನವೇ ಎಟ್ರಾ ಮಾತ್ರೆ ಶುರುಮಾಡಲು ಸಾಕು. 15 ಮತ್ತು 17ನೆಯ ವರ್ಣತಂತುಗಳ ಅದಲುಬದಲು ಆಮೇಲೆ ಖಚಿತವಾದರಾಯಿತು. ಇದೇ ರೋಗಕ್ಕೆ ಆರ್ಸೆನಿಕ್ ಒಂದನ್ನೇ ಕೊಟ್ಟು ಗುಣಪಡಿಸಬಹುದೆಂದು ವೆಲ್ಲೂರಿನ ಸಿಎಂಸಿ ವೈದ್ಯರು 1998ರಿಂದ ಚಿಕಿತ್ಸೆ ನೀಡಿ ತೋರಿಸಿದರು.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಬಂದ ಮೇಲೆ ಜೀನು ಬದಲಾವಣೆಗೇ ಮೊದಲ ಸ್ಥಾನ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎನ್ನಲು ಎಫ್‌ಎಬಿ ಕಾಲದಲ್ಲಿ ನೂರಕ್ಕೆ 30 ಬ್ಲಾಸ್ಟ್ ಬೇಕಿತ್ತು, ಆಮೇಲೆ 20 ಆಯಿತು. 2022ರ ಆವೃತ್ತಿಯಲ್ಲಿ ಹಲವು ಜೀನು ಬದಲಾವಣೆಗಳಿಗೆ ಆ ಲೆಕ್ಕವೂ ಬೇಕಿಲ್ಲ. ಫ್ಲೋ ಮಾತ್ರ ಮೂಲೆಗೆ ಸರಿದಿಲ್ಲ. ಚಿಕಿತ್ಸೆಯ ಮೊದಲ ಹಂತ ಮುಗಿದಾಗ ಹತ್ತು ಸಾವಿರ ಕಣಗಳಲ್ಲಿ ಒಂದು ರೋಗದ ಕಣ ಉಳಿದಿದ್ದರೂ ಹುಡುಕುವ ಕೆಲಸ ಈಗ ಅದರದ್ದು.

ಇಷ್ಟೆಲ್ಲ ನಿಂತಿರುವುದು ಮಾದರಿ ಹೇಗೆ ತಲುಪಿತು ಎಂಬುದರ ಮೇಲೆ. ಯಾದಗಿರಿಯ ಮೇ ತಿಂಗಳ ಬಿಸಿಲಿನಲ್ಲಿ ವಾಹನದೊಳಗೆ ಬಿಟ್ಟ ನಳಿಕೆಯಲ್ಲಿ ಕಣಗಳು ಸಾಯುತ್ತವೆ. ಹೆದರಿ ಐಸಿನ ಮೇಲಿಟ್ಟು ಹೆಪ್ಪುಗಟ್ಟಿಸಿದರೂ ಸಾಯುತ್ತವೆ. ತಂಪಾದ ಕೋಣೆಯ ಉಷ್ಣತೆಯಲ್ಲಿ, ಸಾಧ್ಯವಾದರೆ ಒಂದೇ ದಿನದೊಳಗೆ ಪ್ರಯೋಗಾಲಯ ಸೇರಬೇಕು.

ಶಹಾಪುರ, ಸುರಪುರದ ಊರುಗಳಲ್ಲಿ ಚಿಕಿತ್ಸೆ ಮಾಡುವವರಲ್ಲಿ ಒಂದು ವಿನಂತಿ. ವಾರಗಟ್ಟಲೆ ಜ್ವರ, ಕಾಲುನೋವು, ಕತ್ತಿನ ಗಂಟು ಇರುವ, ಬಿಳಚಿಕೊಂಡ ಮಗು ಬಂದರೆ ಸ್ಟೀರಾಯ್ಡ್ ಕೊಡುವ ಮುನ್ನ ರಕ್ತದ ಎಣಿಕೆ ಮತ್ತು ಸ್ಮಿಯರ್ ಮಾಡಿಸಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಲಿಂಫೋಬ್ಲಾಸ್ಟ್‌ಗಳನ್ನು ಕೆಲವೇ ದಿನಗಳಲ್ಲಿ ಕರಗಿಸುತ್ತವೆ. ಜ್ವರ ಇಳಿಯುತ್ತದೆ, ಗಂಟು ಮಾಯವಾಗುತ್ತದೆ, ಮಗು ಚೇತರಿಸಿಕೊಂಡಂತೆ ಕಾಣುತ್ತದೆ. ಆಮೇಲೆ ತೆಗೆದ ಮಜ್ಜೆಯಲ್ಲಿ ಹೆಸರಿಡಲು ಕಣಗಳೇ ಸಿಗದೆ ಹೋಗಬಹುದು.